ಎತ್ತರದ ಚಾರಣಕ್ಕೆ ಕ್ರಿಯೇಟಿನ್: ಬೆನ್ನುಚೀಲದಲ್ಲಿ ಅದಕ್ಕೆ ಜಾಗ ಬೇಕೆ?

ಜಿಮ್‌ಗೆ ಹೋಗುವವರ ಕಪಾಟಿನಲ್ಲಿದ್ದ ಕ್ರಿಯೇಟಿನ್ ಡಬ್ಬಿ ಈಚೆಗೆ ಚಾರಣಿಗರ ಬೆನ್ನುಚೀಲವನ್ನೂ ಸೇರಿದೆ. ಅದನ್ನು ಹೊತ್ತೊಯ್ಯುವವರ ವಾದ ಕೇಳುವುದಕ್ಕೆ ಸೊಗಸಾಗಿದೆ. ಕ್ರಿಯೇಟಿನ್ ಸ್ನಾಯುವಿಗೆ ಶಕ್ತಿ ಒದಗಿಸುವಾಗ ಆಮ್ಲಜನಕ ಬೇಕಾಗುವುದಿಲ್ಲ. ಐದು ಸಾವಿರ ಮೀಟರ್ ಎತ್ತರದಲ್ಲಿ ಕೊರತೆ ಇರುವುದು ಆಮ್ಲಜನಕಕ್ಕೇ. ಆದ್ದರಿಂದ ಎತ್ತರಕ್ಕೆ ಕ್ರಿಯೇಟಿನ್‌ಗಿಂತ ಒಳ್ಳೆಯ ಸಂಗಾತಿ ಬೇರೊಂದಿಲ್ಲ. ಈ ಮೂರು ಮಾತುಗಳಲ್ಲಿ ಮೊದಲಿನ ಎರಡು ನಿಜ. ಮೂರನೆಯದು ಆ ಎರಡರಿಂದ ಹುಟ್ಟುವಂತೆ ಕಾಣುತ್ತದೆ, ಆದರೆ ಹುಟ್ಟುವುದಿಲ್ಲ. ಎಲ್ಲಿ ಎಡವುತ್ತದೆ ಎಂದು ನೋಡಬೇಕಾದರೆ ಸ್ನಾಯುವಿನ ಒಳಗೆ ಸ್ವಲ್ಪ ಇಣುಕಬೇಕು.

ಸ್ನಾಯು ನೇರವಾಗಿ ಬಳಸುವ ಇಂಧನ ಎಟಿಪಿ. ಅದರ ದಾಸ್ತಾನು ಬಹಳ ಕಡಿಮೆ. ಜೋರಾಗಿ ದುಡಿಯುವ ಸ್ನಾಯುವಿಗೆ ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು. ಹಾಗಾಗಿ ಖರ್ಚಾದ ಎಟಿಪಿಯನ್ನು ದೇಹ ಕೂಡಲೇ ಮತ್ತೆ ಕಟ್ಟುತ್ತಿರಬೇಕು. ಸಾಮಾನ್ಯ ನಡಿಗೆಯಲ್ಲಿ ಈ ಕೆಲಸವನ್ನು ಆಮ್ಲಜನಕದ ಸಹಾಯದಿಂದ ಉರಿಯುವ ಸಕ್ಕರೆ ಮತ್ತು ಕೊಬ್ಬು ನೋಡಿಕೊಳ್ಳುತ್ತವೆ. ಆದರೆ ಒಮ್ಮೆಲೇ ಬಲ ಹಾಕಬೇಕಾದಾಗ ಆ ದಾರಿಯ ವೇಗ ಸಾಲದು. ಆಗ ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟಿರುವ ಫಾಸ್ಫೋಕ್ರಿಯೇಟಿನ್ ತನ್ನ ಫಾಸ್ಫೇಟನ್ನು ಬಿಟ್ಟುಕೊಟ್ಟು ಕ್ಷಣಾರ್ಧದಲ್ಲಿ ಎಟಿಪಿಯನ್ನು ಕಟ್ಟುತ್ತದೆ. ಪುಡಿಯಾಗಿ ನುಂಗುವ ಕ್ರಿಯೇಟಿನ್ ಮಾಡುವ ಕೆಲಸ ಇಷ್ಟೇ: ಈ ದಾಸ್ತಾನನ್ನು ಒಂದಿಷ್ಟು ಹಿಗ್ಗಿಸುತ್ತದೆ.

ಮನೆಯ ಇನ್ವರ್ಟರ್ ಬ್ಯಾಟರಿಯನ್ನು ನೆನೆಸಿಕೊಳ್ಳಿ. ವಿದ್ಯುತ್ ಹೋದಾಗ ಅದು ದೀಪ ಉರಿಸುತ್ತದೆ, ನಿಜ. ಆದರೆ ತಾನು ತುಂಬಿಕೊಳ್ಳುವುದು ಅದೇ ವಿದ್ಯುತ್ತಿನಿಂದ. ಫಾಸ್ಫೋಕ್ರಿಯೇಟಿನ್ ಕೂಡ ಹಾಗೆಯೇ. ಖರ್ಚಾಗುವಾಗ ಅದಕ್ಕೆ ಆಮ್ಲಜನಕ ಬೇಡ. ಮರಳಿ ತುಂಬಿಕೊಳ್ಳುವುದಕ್ಕೆ ಬೇಕೇ ಬೇಕು. ಇದನ್ನು 1999ರಲ್ಲಿ ಪ್ರಕಟವಾದ ಒಂದು ಪ್ರಯೋಗ ಚೊಕ್ಕಟವಾಗಿ ತೋರಿಸಿತು. ಹೇಸ್ಲರ್, ಹೋಗನ್ ಮತ್ತು ರಿಚರ್ಡ್‌ಸನ್ ಎಂಬ ಸಂಶೋಧಕರು ತರಬೇತಿ ಪಡೆದವರ ಮೀನಖಂಡವನ್ನು ದುಡಿಸಿ, ಆ ಬಳಿಕ ಫಾಸ್ಫೋಕ್ರಿಯೇಟಿನ್ ಎಷ್ಟು ಬೇಗ ಮರಳುತ್ತದೆ ಎಂದು ಅಳೆದರು. ಮಾಮೂಲಿ ಗಾಳಿಯಲ್ಲಿ ಈ ಮರುಭರ್ತಿಯ ಬಹುಭಾಗಕ್ಕೆ ಸುಮಾರು 25 ಸೆಕೆಂಡು ಹಿಡಿಯಿತು. ಶುದ್ಧ ಆಮ್ಲಜನಕ ಕೊಟ್ಟಾಗ ಅದು 20 ಸೆಕೆಂಡಿಗೆ ಇಳಿಯಿತು. ಗಾಳಿಯಲ್ಲಿ ಶೇ. 10ರಷ್ಟು ಮಾತ್ರ ಆಮ್ಲಜನಕ ಇದ್ದಾಗ, ಅಂದರೆ ಐದೂವರೆ ಸಾವಿರ ಮೀಟರ್ ದಾಟಿದ ಎತ್ತರವನ್ನು ಹೋಲುವ ಸ್ಥಿತಿಯಲ್ಲಿ, ಸುಮಾರು 33 ಸೆಕೆಂಡಿಗೆ ಏರಿತು. ಬ್ಯಾಟರಿ ದೊಡ್ಡದಾದರೂ ತುಂಬುವ ತಂತಿ ಸಣ್ಣದಾಗಿದೆ. ಎತ್ತರದಲ್ಲಿ ನಮ್ಮನ್ನು ಕಟ್ಟಿಹಾಕುವುದು ಆ ತಂತಿ.

ಬ್ಯಾಟರಿಯಾದರೂ ಎಷ್ಟು ದೊಡ್ಡದಾಗುತ್ತದೆ? ಒಂದು ಅಂದಾಜು ಲೆಕ್ಕ ಹಾಕೋಣ. ಎಪ್ಪತ್ತು ಕಿಲೋ ತೂಕದ ಒಬ್ಬರು ಚೀಲ ಹೊತ್ತು ಏರುದಾರಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದಾರೆ; ನಿಮಿಷಕ್ಕೆ ಒಂದೂವರೆ ಲೀಟರ್ ಆಮ್ಲಜನಕ ಬಳಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅಷ್ಟು ಆಮ್ಲಜನಕದಿಂದ ದೇಹ ನಿಮಿಷಕ್ಕೆ ಸುಮಾರು 330 ಮಿಲಿಮೋಲ್ ಎಟಿಪಿ ಕಟ್ಟುತ್ತದೆ. ಇನ್ನು ದಾಸ್ತಾನಿನ ಕಡೆಗೆ ಬಂದರೆ, ಸ್ನಾಯುವಿನ ಪ್ರತಿ ಕಿಲೋದಲ್ಲಿ ಇರುವ ಫಾಸ್ಫೋಕ್ರಿಯೇಟಿನ್ ಹೆಚ್ಚುಕಡಿಮೆ 20 ಮಿಲಿಮೋಲ್. ಕಾಲು ಮತ್ತು ಸೊಂಟದ ದುಡಿಯುವ ಸ್ನಾಯು 15 ಕಿಲೋ ಎಂದರೆ ಒಟ್ಟು 300 ಮಿಲಿಮೋಲ್. ಅಂದರೆ ಕಾಲುಗಳಲ್ಲಿರುವ ಇಡೀ ಭಂಡಾರ ಒಂದು ನಿಮಿಷದ ನಡಿಗೆಗೂ ಪೂರ್ತಿ ಸಾಲದು. ಪುಡಿಯಿಂದ ಆ ಭಂಡಾರ ಐದನೇ ಒಂದು ಭಾಗ ಹೆಚ್ಚಿತೆಂದು ಉದಾರವಾಗಿಯೇ ಹಿಡಿದರೂ ಸಿಗುವುದು 60 ಮಿಲಿಮೋಲ್: ಹನ್ನೊಂದು ಸೆಕೆಂಡಿನ ನಡಿಗೆ. ದಿನಕ್ಕೆ ಆರೇಳು ಗಂಟೆ ನಡೆಯುವವರಿಗೆ ಹನ್ನೊಂದು ಸೆಕೆಂಡು.

ಇದನ್ನು ಓದಿ ಕ್ರಿಯೇಟಿನ್ ಬರಿಯ ಬುರುಡೆ ಎಂದುಕೊಳ್ಳಬೇಡಿ. ಭಾರ ಎತ್ತುವವರಿಗೆ, ಮತ್ತೆ ಮತ್ತೆ ಚುಟುಕಾಗಿ ಓಡುವವರಿಗೆ ಆ ಹನ್ನೊಂದು ಸೆಕೆಂಡೇ ಸರ್ವಸ್ವ. ಕ್ರೀಡಾ ಪೂರಕಗಳ ರಾಶಿಯಲ್ಲಿ ಇಷ್ಟು ಗಟ್ಟಿ ಆಧಾರವಿರುವ ವಸ್ತುಗಳು ಬೆರಳೆಣಿಕೆಯಷ್ಟು. ಚಾರಣದಲ್ಲಿಯೂ ಅಂಥ ಗಳಿಗೆಗಳು ಇಲ್ಲದಿಲ್ಲ: ಎದೆಮಟ್ಟದ ಬಂಡೆಯ ಮೇಲೆ ಮೈಯನ್ನು ಎಳೆದುಕೊಳ್ಳುವಾಗ, ಮೊಣಕಾಲುದ್ದ ಹಿಮದಲ್ಲಿ ದಾರಿ ಮಾಡುವಾಗ, ಹಗ್ಗ ಹಿಡಿದು ಕಡಿದಾದ ಇಪ್ಪತ್ತು ಮೀಟರ್ ಏರುವಾಗ. ಅಲ್ಲಿ ದಾಸ್ತಾನು ಬಳಕೆಗೆ ಬರುತ್ತದೆ. ಆದರೆ ಆಗಲೂ ಒಂದು ಜಿಗಿತದ ಬಳಿಕ ಇನ್ನೊಂದಕ್ಕೆ ಮುಂದಾಗುವ ಮೊದಲು ಸಮುದ್ರಮಟ್ಟದಲ್ಲಿ ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಪುಡಿ ತಿಂದಿದ್ದೇನೆ ಎಂಬ ಧೈರ್ಯದಿಂದ ಆ ನಿಲುಗಡೆಯನ್ನು ಕಡಿಮೆ ಮಾಡಿದವರು ನಾಲ್ಕನೆಯ ಬಂಡೆಯ ಹೊತ್ತಿಗೆ ಏದುಸಿರು ಬಿಡುತ್ತಾ ಕೂರುತ್ತಾರೆ.

ಲಾಭ ಇಷ್ಟಾದರೆ ಅದಕ್ಕೆ ತೆರುವ ಬೆಲೆಯೂ ಇದೆ, ಅದು ತೂಕ. ಕ್ರಿಯೇಟಿನ್ ಸ್ನಾಯುಕೋಶದೊಳಗೆ ಸೇರುವಾಗ ತನ್ನೊಂದಿಗೆ ನೀರನ್ನೂ ಎಳೆದುಕೊಳ್ಳುತ್ತದೆ. ದಿನಕ್ಕೆ 20 ಗ್ರಾಂನಂತೆ ಒಂದು ವಾರ ತಿಂದವರಲ್ಲಿ ಒಂದರಿಂದ ಎರಡು ಕಿಲೋ ತೂಕ ಏರುವುದು ಸಾಮಾನ್ಯ. ನೆಲದ ಮೇಲೆ ಭಾರ ಎತ್ತುವವರಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ. ಏರುವವರಿಗೆ ಬರುತ್ತದೆ. ನಮ್ಮ ಎಪ್ಪತ್ತು ಕಿಲೋ ಚಾರಣಿಗರ ಚೀಲ ಮತ್ತು ಬೂಟು ಸೇರಿ ಇನ್ನು ಹನ್ನೆರಡು ಕಿಲೋ ಎಂದರೆ ಅವರು ಮೇಲಕ್ಕೆ ಒಯ್ಯುತ್ತಿರುವುದು 82 ಕಿಲೋ. ಅದಕ್ಕೆ ಒಂದು ಕಿಲೋ ಕೂಡಿದರೆ ಪ್ರತಿ ಹೆಜ್ಜೆಯ ಆಮ್ಲಜನಕದ ಖರ್ಚು ಶೇ. 1.2ರಷ್ಟು ಏರುತ್ತದೆ. ಎತ್ತರ ಸುಮಾರು 1,500 ಮೀಟರ್ ದಾಟಿದ ಮೇಲೆ ಪ್ರತಿ 100 ಮೀಟರಿಗೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಸರಾಸರಿ ಶೇ. 1ರಷ್ಟು ಕುಸಿಯುತ್ತದೆ. ಎರಡನ್ನೂ ಜೋಡಿಸಿ ನೋಡಿದರೆ, ಆ ಒಂದು ಕಿಲೋ ನೀರು ನಿಮ್ಮನ್ನು ಇಡೀ ದಿನ ನೂರು ಮೀಟರಿಗಿಂತ ತುಸು ಹೆಚ್ಚು ಎತ್ತರದಲ್ಲಿ ನಡೆಸಿದ ಹಾಗೆ. ಇದು ದೊಡ್ಡ ನಷ್ಟವೇನಲ್ಲ. ಆದರೆ ತೂಕ ಉಳಿಸಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕತ್ತರಿಸುವ ಜನ ಒಂದು ಲೀಟರ್ ನೀರನ್ನು ಕಾಲಿನೊಳಗೆ ಹೊತ್ತು ಏರುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ಆಮ್ಲಜನಕವೇ ಹಣ ಎಂದಾದ ಮೇಲೆ, ಅದಕ್ಕೆ ಪ್ರತಿಯಾಗಿ ಹೆಚ್ಚು ಶಕ್ತಿ ಕೊಡುವುದು ಯಾವುದು ಎಂದು ಕೇಳುವುದು ನ್ಯಾಯ. ಉತ್ತರ ಹಳೆಯದು: ಪಿಷ್ಟ ಮತ್ತು ಸಕ್ಕರೆ. ಒಂದು ಲೀಟರ್ ಆಮ್ಲಜನಕದಲ್ಲಿ ಕೊಬ್ಬನ್ನು ಉರಿಸಿದರೆ ಸಿಗುವುದು ಸುಮಾರು 4.7 ಕಿಲೋಕ್ಯಾಲರಿ, ಸಕ್ಕರೆಯನ್ನು ಉರಿಸಿದರೆ 5ಕ್ಕೂ ತುಸು ಹೆಚ್ಚು. ಈ ಏಳೆಂಟು ಶೇಕಡಾ ವ್ಯತ್ಯಾಸ ಹನ್ನೊಂದು ಸೆಕೆಂಡಿಗೆ ಮುಗಿಯುವಂಥದ್ದಲ್ಲ, ನಡೆಯುವಷ್ಟು ಹೊತ್ತೂ ಇರುತ್ತದೆ. ಎತ್ತರದಲ್ಲಿ ಹಸಿವು ಕುಗ್ಗುವುದರಿಂದ ಬಹುತೇಕ ಚಾರಣಿಗರು ಇದನ್ನೇ ಕಳೆದುಕೊಳ್ಳುತ್ತಾರೆ. ಊಟ ಅರ್ಧಕ್ಕೆ ಬಿಟ್ಟು ಕ್ರಿಯೇಟಿನ್ ಕಲಕಿ ಕುಡಿದರೆ ಆ ಕೊರತೆ ತುಂಬುವುದಿಲ್ಲ. ಪುಡಿಯಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟು ಕ್ಯಾಲರಿಯೇ ಇಲ್ಲ.

ಕಾಲಿನ ಮಾತು ಹೀಗಾಯಿತು. ತಲೆಯ ಮಾತು ಸ್ವಲ್ಪ ಬೇರೆ. ಮಿದುಳು ಕೂಡ ಫಾಸ್ಫೋಕ್ರಿಯೇಟಿನ್ ಇಟ್ಟುಕೊಂಡಿರುತ್ತದೆ, ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದೂ ಅದೇ. 2015ರಲ್ಲಿ ಟರ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ 15 ಆರೋಗ್ಯವಂತರಿಗೆ ಏಳು ದಿನ ಕ್ರಿಯೇಟಿನ್ ಕೊಟ್ಟು, ಶೇ. 10ರಷ್ಟು ಆಮ್ಲಜನಕ ಇರುವ ಗಾಳಿಯನ್ನು ಉಸಿರಾಡಿಸಲಾಯಿತು. ಆಮ್ಲಜನಕದ ಕೊರತೆಯಿಂದ ಕುಗ್ಗಿದ ಗಮನಶಕ್ತಿ, ಪೊಳ್ಳು ಪುಡಿ ತಿಂದ ಸರದಿಗಿಂತ ಕ್ರಿಯೇಟಿನ್ ತಿಂದ ಸರದಿಯಲ್ಲಿ ಉತ್ತಮವಾಗಿತ್ತು. ಎತ್ತರಕ್ಕೂ ಕ್ರಿಯೇಟಿನ್‌ಗೂ ಇರುವ ನಂಟಿನಲ್ಲಿ ನನಗೆ ನಿಜಕ್ಕೂ ಕುತೂಹಲ ಹುಟ್ಟಿಸುವ ಸಂಗತಿ ಇದೊಂದೇ. ಆದರೆ ಅವರು ಕೋಣೆಯಲ್ಲಿ ಕುಳಿತಿದ್ದರು. ಎತ್ತರದಲ್ಲಿ ಎಂಟು ರಾತ್ರಿ ಅರೆನಿದ್ದೆಯಲ್ಲಿ ಕಳೆದು, ಅರೆಹೊಟ್ಟೆಯಲ್ಲಿ, ಚಳಿಯಲ್ಲಿ ಕಣಿವೆಯೊಂದನ್ನು ದಾಟುವವರ ಸ್ಥಿತಿ ಅದಲ್ಲ. ಮೇಲಾಗಿ ರಕ್ತದಿಂದ ಮಿದುಳಿಗೆ ಕ್ರಿಯೇಟಿನ್ ಸಾಗುವುದು ಬಹಳ ನಿಧಾನ. ದಿನಕ್ಕೆ 20 ಗ್ರಾಂನಂತೆ ನಾಲ್ಕು ವಾರ ತಿಂದವರಲ್ಲಿಯೂ ಮಿದುಳಿನ ಮಟ್ಟ ಏರಿದ್ದು ಶೇ. 9ರಷ್ಟು. ಶಿಬಿರದಲ್ಲಿ ತಲೆ ಭಾರವಾದ ಸಂಜೆ ಒಂದು ಚಮಚ ಪುಡಿ ಕುಡಿದರೆ ಏನಾದರೂ ಆದೀತು ಎಂಬುದಕ್ಕೆ ಇದರಲ್ಲಿ ಯಾವ ಆಧಾರವೂ ಇಲ್ಲ.

ಹಾಗಾದರೆ ಕ್ರಿಯೇಟಿನ್‌ಗೆ ಚಾರಣಿಗರ ಬದುಕಿನಲ್ಲಿ ಎಲ್ಲಿ ಜಾಗ? ನನ್ನ ಅಭಿಪ್ರಾಯದಲ್ಲಿ, ಹೊರಡುವ ಮುಂಚಿನ ತಿಂಗಳುಗಳಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಅದೇ ಎಪ್ಪತ್ತು ಕಿಲೋದವರು, ಸಸ್ಯಾಹಾರಿ. ಹನ್ನೆರಡು ದಿನದ ಚಾರಣ. 2,800 ಮೀಟರಿನಿಂದ ಶುರುವಾಗಿ 5,300 ಮೀಟರಿನ ಕಣಿವೆ ದಾಟುವುದು. ಹೊರಡಲು ಇನ್ನು ಹನ್ನೆರಡು ವಾರ ಇದೆ. ಆಹಾರದ ಮೂಲಕ ಕ್ರಿಯೇಟಿನ್ ಬರುವುದು ಮುಖ್ಯವಾಗಿ ಮಾಂಸ ಮತ್ತು ಮೀನಿನಿಂದ, ಆದ್ದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ದಾಸ್ತಾನು ಕಡಿಮೆ ಇರುತ್ತದೆ. ಪುಡಿ ತಿಂದಾಗ ಏರಿಕೆಯೂ ಅವರಲ್ಲಿ ಎದ್ದು ಕಾಣುತ್ತದೆ. ಇವರಿಗೆ ದಿನಕ್ಕೆ 20 ಗ್ರಾಂನ ಗಡಿಬಿಡಿ ಬೇಕಾಗಿಲ್ಲ. ದಿನಕ್ಕೆ 3 ಗ್ರಾಂನಂತೆ 28 ದಿನ ತಿಂದರೂ ಸ್ನಾಯು ತುಂಬುವುದು ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಎಂದು ಹುಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲಿಯೇ ತೋರಿಸಿದ್ದಾರೆ.

ಹೀಗೆ ಎಂಟು ವಾರ ತಿನ್ನುತ್ತಾ, ವಾರಕ್ಕೆ ಎರಡು ಮೂರು ಬಾರಿ ಕಾಲಿನ ಬಲದ ವ್ಯಾಯಾಮ ಮಾಡಬೇಕು. ಮೊಣಕಾಲಿನಷ್ಟು ಎತ್ತರದ ಗಟ್ಟಿ ಪೆಟ್ಟಿಗೆಯ ಮೇಲೆ ಚೀಲ ಹೊತ್ತು ಹತ್ತುವುದು, ಅದರಿಂದ ನಿಧಾನವಾಗಿ ಒಂದೇ ಕಾಲಿನ ಮೇಲೆ ಇಳಿಯುವುದು, ಭಾರ ಹೊತ್ತು ಕೂತೇಳುವುದು. ಹಿಗ್ಗಿದ ದಾಸ್ತಾನು ಕೆಲಸಕ್ಕೆ ಬರುವುದು ಇಲ್ಲಿ: ಎಂಟು ಸಲ ಹತ್ತಿ ಸೋಲುತ್ತಿದ್ದವರು ಒಂಬತ್ತು ಹತ್ತು ಸಲ ಹತ್ತುತ್ತಾರೆ, ವಾರಗಳು ಕಳೆದಂತೆ ಆ ಹೆಚ್ಚುವರಿ ದುಡಿಮೆಯಿಂದ ಸ್ನಾಯು ಬಲಗೊಳ್ಳುತ್ತದೆ. ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ತಿನ್ನುವ ಮುನ್ನ, ವಾರಕ್ಕೆರಡು ಬಾರಿ ತೂಕ ಬರೆದಿಡಬೇಕು. ಮೊದಲ ತಿಂಗಳಲ್ಲಿ ಊಟ ಬದಲಾಗದೆಯೂ ತೂಕ ಏರಿದರೆ ಅದರ ಬಹುಪಾಲು ನೀರು. ಒಂದಿಷ್ಟು ಮಂದಿಯಲ್ಲಿ ತೂಕವೂ ಏರದೆ, ವ್ಯಾಯಾಮದಲ್ಲಿಯೂ ವ್ಯತ್ಯಾಸ ಕಾಣದೆ ಇರುವುದುಂಟು. ಅವರ ಸ್ನಾಯು ಮೊದಲೇ ತುಂಬಿಕೊಂಡಿರುತ್ತದೆ. ಅಂಥವರು ಪುಡಿಯನ್ನು ಅಲ್ಲಿಗೇ ಬಿಡಬಹುದು.

ಒಂಬತ್ತನೆಯ ವಾರದಲ್ಲಿ ದಾರಿ ಎರಡಾಗುತ್ತದೆ. ಮುಂದಿರುವುದು ಬರಿಯ ನಡಿಗೆಯ ದಾರಿಯಾದರೆ ಪುಡಿ ನಿಲ್ಲಿಸುವುದು ಜಾಣತನ. ಸ್ನಾಯುವಿನ ಕ್ರಿಯೇಟಿನ್ ಹಳೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಹೊರಡುವ ಹೊತ್ತಿಗೆ ನೀರಿನ ಹೆಚ್ಚಿನ ಪಾಲು ಇಳಿದಿರುತ್ತದೆ, ವ್ಯಾಯಾಮ ಮುಂದುವರಿಸಿದರೆ ಗಳಿಸಿದ ಬಲ ಉಳಿದಿರುತ್ತದೆ. ದಾರಿಯಲ್ಲಿ ಹಗ್ಗದ ಏರು, ಬಂಡೆಗಳ ನಡುವಿನ ಹತ್ತಾಟ ಹೆಚ್ಚಿದ್ದರೆ ಹೊರಡುವ ಹಿಂದಿನ ದಿನದವರೆಗೂ ತಿನ್ನಬಹುದು. ಆದರೆ ಆಗಲೂ ಡಬ್ಬಿಯನ್ನು ಹೊತ್ತೊಯ್ಯುವ ಅಗತ್ಯ ಬೀಳುವುದಿಲ್ಲ. ದೇಹ ದಿನಕ್ಕೆ ಕಳೆದುಕೊಳ್ಳುವುದು ಸುಮಾರು 2 ಗ್ರಾಂ; ಅದರಲ್ಲಿ ಅರ್ಧದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇಡೀ ಮೈಯಲ್ಲಿರುವ ದಾಸ್ತಾನು ನೂರು ಗ್ರಾಂ ಮೀರುತ್ತದೆ. ಹನ್ನೆರಡು ದಿನದಲ್ಲಿ ಒಂದು ಹರಳನ್ನೂ ನಾಲಿಗೆಗೆ ಹಾಕದಿದ್ದರೂ ತುಂಬಿದ ಸ್ನಾಯುವಿನ ಬಹುಪಾಲು ತುಂಬಿಯೇ ಇರುತ್ತದೆ.

ಹೊತ್ತು ಹೋದವರ ಪಾಡನ್ನು ಶಿಬಿರದ ಬೆಳಗಿನಲ್ಲಿ ನೋಡಬೇಕು. ಕ್ರಿಯೇಟಿನ್ ಮೊನೊಹೈಡ್ರೇಟ್ ತಣ್ಣೀರಿನಲ್ಲಿ ಕರಗಲು ಒಲ್ಲೆನ್ನುವ ವಸ್ತು: 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 14 ಗ್ರಾಂ ಕರಗಿದರೆ, 4 ಡಿಗ್ರಿಯಲ್ಲಿ ಕರಗುವುದು 6 ಗ್ರಾಂ ಮಾತ್ರ. ಹಿಮ ಕರಗಿಸಿ ತುಂಬಿದ ಅರ್ಧ ಲೀಟರ್ ಬಾಟಲಿಗೆ 5 ಗ್ರಾಂ ಹಾಕಿ ಎಷ್ಟು ಕುಲುಕಿದರೂ ಎರಡು ಗ್ರಾಂನಷ್ಟು ಬಿಳಿ ಮರಳಾಗಿ ತಳದಲ್ಲಿ ಕೂರುತ್ತದೆ. ಕೊನೆಯ ಗುಟುಕಿನಲ್ಲಿ ಅದು ಒಟ್ಟಿಗೆ ಬಾಯಿಗೆ ಬಂದು ಹಲ್ಲಿಗೆ ಕರಕರ ಎನ್ನುತ್ತದೆ.

ಇವೆಲ್ಲ ಸಣ್ಣ ಕಿರಿಕಿರಿ. ದೊಡ್ಡ ಅಪಾಯ ಬೇರೆಯೇ ಇದೆ, ಮತ್ತು ಅದು ಪುಡಿಯ ವಿಷದಿಂದ ಬರುವುದಲ್ಲ, ತಪ್ಪು ತೀರ್ಮಾನದಿಂದ ಬರುವುದು. ಚಾರಣ ಶುರುವಾದ ದಿನವೇ ಒಬ್ಬರು ದಿನಕ್ಕೆ 20 ಗ್ರಾಂ ಆರಂಭಿಸಿದರು ಎಂದುಕೊಳ್ಳಿ. ಒಂದೇ ಸಲಕ್ಕೆ 10 ಗ್ರಾಂ ನುಂಗಿದರೆ ಹೊಟ್ಟೆ ಕೆಡುವ ಸಂಭವ ಹೆಚ್ಚು. ಹೀರಲ್ಪಡದ ಕ್ರಿಯೇಟಿನ್ ಕರುಳಿಗೆ ನೀರನ್ನು ಎಳೆಯುತ್ತದೆ. ಮೂರನೆಯ ರಾತ್ರಿ 3,900 ಮೀಟರ್. ಸಣ್ಣಗೆ ತಲೆನೋವು, ವಾಕರಿಕೆ, ಊಟ ಬೇಡ, ಸುಸ್ತು. ಜೊತೆಯವರು ಹೇಳುತ್ತಾರೆ: “ಆ ಪುಡಿ ಹೊಟ್ಟೆಗೆ ಹಿಡಿಸಿಲ್ಲ ಅಷ್ಟೇ, ನಾಳೆ ಸರಿಹೋಗುತ್ತದೆ.” ಮಾರನೆಯ ದಿನ ಎಲ್ಲರೂ 4,500 ಮೀಟರಿಗೆ ಹೊರಡುತ್ತಾರೆ.

ಎತ್ತರದ ಕಾಯಿಲೆಯನ್ನು ಅಳೆಯಲು ವೈದ್ಯರು ಬಳಸುವ ಲೇಕ್ ಲೂಯಿಸ್ ಅಂಕಪಟ್ಟಿಯಲ್ಲಿ ನಾಲ್ಕೇ ಪ್ರಶ್ನೆಗಳಿವೆ: ತಲೆನೋವು, ಹೊಟ್ಟೆಯ ತೊಂದರೆ, ದಣಿವು, ತಲೆಸುತ್ತು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. 2018ರ ಪರಿಷ್ಕೃತ ಮಾನದಂಡದಂತೆ, ಹೊಸದಾಗಿ ಎತ್ತರಕ್ಕೆ ಬಂದವರಲ್ಲಿ ತಲೆನೋವು ಇದ್ದು ಒಟ್ಟು ಮೂರು ಅಥವಾ ಹೆಚ್ಚು ಬಂದರೆ ಅದು ಎತ್ತರದ ಕಾಯಿಲೆ. ನಮ್ಮ ಚಾರಣಿಗರಿಗೆ ತಲೆನೋವಿಗೆ ಒಂದು, ಹೊಟ್ಟೆಗೆ ಎರಡು, ದಣಿವಿಗೆ ಒಂದು, ಒಟ್ಟು ನಾಲ್ಕು. ಹೊಟ್ಟೆಯ ಎರಡು ಅಂಕ ಪುಡಿಯದೋ ಎತ್ತರದ್ದೋ ಎಂದು ಆ ಡೇರೆಯಲ್ಲಿ ಯಾರಿಗೂ ಹೇಳಲಾಗದು. ಹೀಗಾಗಿ ಅಲ್ಲಿ ಪಾಲಿಸಬೇಕಾದ ಕ್ರಮ ಒಂದೇ: ಬೇರೆ ಕಾರಣ ಖಚಿತವಾಗುವವರೆಗೆ ಅದು ಎತ್ತರದ ಕಾಯಿಲೆಯೇ. ಪುಡಿ ನಿಲ್ಲಿಸಿ ಅಲ್ಲಿಯೇ ತಂಗಬೇಕು, ಲಕ್ಷಣ ಹೋಗುವವರೆಗೆ ಮೇಲೇರಬಾರದು, ಹೆಚ್ಚಾದರೆ ಇಳಿಯಬೇಕು. ನೆಲದ ಮೇಲಿನ ಗೆರೆಯ ಗುಂಟ ಹಿಮ್ಮಡಿಗೆ ಬೆರಳು ತಾಗಿಸಿ ನೇರವಾಗಿ ನಡೆಯಲು ಆಗದಿದ್ದರೆ, ಮಾತು ಗೊಂದಲವಾಗಿದ್ದರೆ, ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟುತ್ತಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ. ಪುಡಿಯಿಂದ ಇವು ಮೂರೂ ಆಗುವುದಿಲ್ಲ.

ಹೊಸದಾಗಿ ತಿನ್ನುವ ಯಾವುದನ್ನೂ ಎತ್ತರದಲ್ಲಿ ಆರಂಭಿಸಬಾರದು ಎಂಬ ಹಳೆಯ ಚಾರಣಿಗರ ಕಟ್ಟುನಿಟ್ಟಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ. ಲಕ್ಷಣಗಳನ್ನು ಓದಬೇಕಾದ ಜಾಗದಲ್ಲಿ ಲಕ್ಷಣಗಳಿಗೆ ಇನ್ನೊಂದು ನೆಪ ಒದಗಿಸಿಕೊಳ್ಳಬಾರದು.

ಇಂಥದ್ದೇ ಗೊಂದಲ ಹೊರಡುವ ಮೊದಲು ವೈದ್ಯರ ಬಳಿಯೂ ಆಗಬಹುದು. ದೇಹದಲ್ಲಿ ಕ್ರಿಯೇಟಿನ್ ಒಡೆದು ಆಗುವುದು ಕ್ರಿಯೇಟಿನೈನ್; ಮೂತ್ರಪಿಂಡದ ಕೆಲಸವನ್ನು ಅಂದಾಜು ಮಾಡುವ ರಕ್ತಪರೀಕ್ಷೆ ನೋಡುವುದು ಅದನ್ನೇ. ಪುಡಿ ತಿನ್ನುವವರಲ್ಲಿ, ಮೂತ್ರಪಿಂಡ ಸರಿಯಿದ್ದರೂ, ಆ ಅಂಕಿ ತುಸು ಏರಿ ಕಾಣುತ್ತದೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ. ವರದಿಯಲ್ಲಿ ಏರಿದ ಅಂಕಿಯನ್ನು ಕಂಡ ವೈದ್ಯರು ಅದನ್ನು ಬರೆಯಲು ಹಿಂಜರಿಯುವುದು ಸಹಜ. ಕ್ರಿಯೇಟಿನ್ ತಿನ್ನುತ್ತಿರುವುದನ್ನು ಅವರಿಗೆ ಮೊದಲೇ ತಿಳಿಸಿದರೆ, ಸಂಶಯ ಬಿದ್ದಾಗ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಮಾಡಿಸುತ್ತಾರೆ. ಅದರ ಅಂಕಿ ಪುಡಿಯಿಂದ ಏರುವುದಿಲ್ಲ. ಮೂತ್ರಪಿಂಡದ ಕಾಯಿಲೆ ನಿಜವಾಗಿಯೂ ಇರುವವರಿಗೆ ಈ ಲೇಖನದ ಹನ್ನೆರಡು ವಾರದ ಲೆಕ್ಕ ಅನ್ವಯಿಸುವುದಿಲ್ಲ. ಅವರು ವೈದ್ಯರನ್ನು ಕೇಳದೆ ಡಬ್ಬಿಯ ಮುಚ್ಚಳ ತೆರೆಯಬಾರದು.